ಭಾವನಿಗೆ ‘ಇಲ್ಲ’ ಎಂದದ್ದು

ಆ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಲಾಂಡ್ರಿ. ವಾರ್ಡುಗಳ ಚಾದರ, ದಿಂಬಿನ ಕವರು, ರೋಗಿಗಳ ನಿಲುವಂಗಿ, ಎಲ್ಲವೂ ಒಂದು ಬಾಗಿಲಿನಿಂದ ಕೊಳೆಯಾಗಿ ಒಳಗೆ ಬಂದು, ಇನ್ನೊಂದು ಬಾಗಿಲಿನಿಂದ ಬಿಸಿಬಿಸಿಯಾಗಿ, ಅಚ್ಚುಕಟ್ಟಾಗಿ ಮಡಿಸಿಕೊಂಡು ಹೊರಗೆ ಹೋಗುತ್ತವೆ. ಆ ಎರಡು ಬಾಗಿಲುಗಳ ನಡುವಿನ ರಾಜ್ಯ ದೊಡ್ಡಕ್ಕನದು.

ದೊಡ್ಡಕ್ಕ ಹುಟ್ಟಿನಿಂದ ಯಾರಿಗೂ ಅಕ್ಕನಲ್ಲ, ಮನೆಯಲ್ಲಿ ಕೊನೆಯವಳು. ಇಸ್ತ್ರಿ ರೋಲರಿನ ಮುಂದೆ ನಿಂತು, ಒದ್ದೆ ಚಾದರದ ಎರಡು ತುದಿ ಹಿಡಿದು ಒಳಗೆ ಬಿಡುವ ಕೆಲಸಕ್ಕೆ ಸೇರಿದವಳು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಲಾಂಡ್ರಿಯ ಮುಖ್ಯಸ್ಥೆಯಾದಳು, ಎಲ್ಲರ ಬಾಯಲ್ಲಿ ದೊಡ್ಡಕ್ಕನೂ ಆದಳು. ಹತ್ತುವಾಗ ಒಮ್ಮೆ ಜಾರಿದ್ದೂ ಉಂಟು. ಮೊದಲ ಸಲ ಬಡ್ತಿಗೆ ಅರ್ಜಿ ಹಾಕಿದಾಗ ಅವಳಿಗೆ ಯಾರೂ ಏನೂ ಹೇಳಲಿಲ್ಲ. ನೋಟೀಸ್ ಬೋರ್ಡಿನಲ್ಲಿ ಬೇರೆಯವರ ಹೆಸರು ಬಂದಿತ್ತು. ಸುತ್ತ ನಿಂತವರೆಲ್ಲ ಬೋರ್ಡು ಬಿಟ್ಟು ಅವಳ ಮುಖವನ್ನೇ ಓದುತ್ತಿದ್ದರು.

ಈಗ ಹಗಲು ಪಾಳಿಗೆ ಮೇಲ್ವಿಚಾರಕರು ಬೇಕಾಗಿತ್ತು. ಒಳಗಿನಿಂದಲೇ ಮೂವರು ಅರ್ಜಿ ಹಾಕಿದರು. ಅವರಲ್ಲಿ ಒಬ್ಬ ಭಾವ.

ಭಾವನ ಹೆಂಡತಿ ಮೊದಲು ಇದೇ ಲಾಂಡ್ರಿಯ ಮಡಿಸುವ ಮೇಜಿನಲ್ಲಿದ್ದಳು, ಎಲ್ಲರಿಗೂ ಅಕ್ಕ. ಆಮೇಲೆ ಅವನು ಬಂದು ಸೇರಿದಾಗ ಇಡೀ ಲಾಂಡ್ರಿಗೆ ಭಾವನಾಗಿಬಿಟ್ಟ. ಹೆಂಡತಿ ಕೆಲಸ ಬಿಟ್ಟು ಹೊಲಿಗೆ ಅಂಗಡಿ ಇಟ್ಟರೂ ಸಂಬಂಧ ಹಾಗೇ ಉಳಿಯಿತು. ಯಂತ್ರದ ಸದ್ದು ಸ್ವಲ್ಪ ಬದಲಾದರೂ ಓಡಿ ಬರುವವನು ಅವನು. ಯಾರಾದರೂ ತಡವಾಗಿ ಬಂದರೆ ಅವರ ಕೆಲಸ ಮುಗಿಸಿರುತ್ತಿದ್ದವನೂ ಅವನೇ. ಕುರ್ಚಿ ಭಾವನದೇ ಎಂದು ಎಲ್ಲರೂ ತೀರ್ಮಾನಿಸಿ, ಟೀ ಕುಡಿಯುವಾಗ ಅವನನ್ನು ‘ಸಾರ್’ ಎಂದು ಕಿಚಾಯಿಸುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಸಂದರ್ಶನಕ್ಕೆ ಕೂತವರು ಮೂರು ಜನ: ದೊಡ್ಡಕ್ಕ, ವಾರ್ಡುಗಳ ಮುಖ್ಯ ನರ್ಸ್, ಸಿಬ್ಬಂದಿ ವಿಭಾಗದ ಅಧಿಕಾರಿ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳು. “ಇಬ್ಬರು ರಜೆ, ಒಂದು ಡ್ರೈಯರ್ ಕೆಟ್ಟಿದೆ, ವಾರ್ಡಿನಿಂದ ಫೋನ್ ಮೇಲೆ ಫೋನ್. ಏನು ಮಾಡ್ತೀರಿ?” ಎಂದು ಮುಖ್ಯ ನರ್ಸ್ ಕೇಳಿದರು.

“ಡ್ರೈಯರ್ ನಾನೇ ನೋಡ್ತೀನಿ ಮೇಡಂ,” ಅಂದ ಭಾವ.

“ಮಡಿಸೋದಕ್ಕೆ ಜನ ಇಲ್ವಲ್ಲ?”

“ಅದೂ ನಾನೇ ಮಾಡ್ತೀನಿ.”

“ವಾರ್ಡಿಗೆ ಉತ್ತರ ಕೊಡೋರು ಯಾರು?”

ಭಾವ “ನಾನೇ ಚಾದರ ತಗೊಂಡು ಮೇಲೆ ಓಡ್ತೀನಿ,” ಅಂದ. ಮೂವರೂ ನಕ್ಕರು, ಅವನೂ ನಕ್ಕ. ದೊಡ್ಡಕ್ಕ ಮಾತ್ರ ನಕ್ಕು ಮುಗಿಸಿ ತನ್ನ ಹಾಳೆಯಲ್ಲಿ ‘ನಾನೇ’ ಎಂಬ ಮಾತನ್ನು ಬರೆದುಕೊಂಡಳು. ಮೇಲ್ವಿಚಾರಕನ ಕೆಲಸ ಓಡುವುದಲ್ಲ, ಹಂಚುವುದು.

ಆಯ್ಕೆಯಾದವಳು ಮಡಿಸುವ ಮೇಜಿನ ಒಬ್ಬಳು. ಯಂತ್ರದ ಕೆಲಸ ಕಲಿತದ್ದು ಭಾವನಿಂದಲೇ.

“ಎಲ್ಲರಿಗೂ ಮೇಲ್ ಕಳಿಸಿಬಿಡ್ಲಾ?” ಎಂದು ಅಧಿಕಾರಿ ಕೇಳಿದ.

“ಬೇಡ. ಆಗದೇ ಇದ್ದ ಇಬ್ಬರ ಹತ್ರ ಮೊದಲು ನಾನು ಮಾತಾಡ್ತೀನಿ. ಆಮೇಲೆ ಬೋರ್ಡು, ಮೇಲ್ ಎಲ್ಲ,” ಅಂದಳು ದೊಡ್ಡಕ್ಕ.

ಮರುದಿನ ಬೆಳಿಗ್ಗೆ ಬುತ್ತಿ ಕಟ್ಟುವಾಗ ದೊಡ್ಡಕ್ಕ ಗಂಡನಿಗೆ ವಿಷಯ ಹೇಳಿದಳು. ಅವನು ಶಾಲೆಯ ವ್ಯಾನ್ ಓಡಿಸುವವನು, ಯಾರ ಮನಸ್ಸನ್ನೂ ನೋಯಿಸದವನು. “ಮೇಲಿನವರು ಒಪ್ಪಲಿಲ್ಲ ಅನ್ನು. ಮುಂದಿನ ಸಲ ಖಂಡಿತ ಅನ್ನು. ಮುಗೀತು.”

“ಒಪ್ಪದೇ ಇದ್ದವರಲ್ಲಿ ನಾನೂ ಒಬ್ಬಳು,” ಅಂದಳು ದೊಡ್ಡಕ್ಕ. “ಮುಂದಿನ ಸಲದ ಮಾತು ನನ್ನ ಕೈಯಲ್ಲಿಲ್ಲ. ಆಸೆ ತೋರಿಸಿ ಕೈ ಕೊಟ್ಟರೆ ಆ ಮನುಷ್ಯ ಮತ್ತೆ ನನ್ನ ಮಾತು ನಂಬ್ತಾನಾ?”

ಪಾಳಿ ಶುರುವಾಗುವ ಮುಂಚೆಯೇ ಆಯ್ಕೆಯಾಗದ ಇನ್ನೊಬ್ಬನಿಗೆ ಹೇಳಿದ್ದಾಯಿತು. ಅವನು ತಲೆಯಾಡಿಸಿ ಕೆಲಸಕ್ಕೆ ಹೋದ. ಆಮೇಲೆ ಭಾವನನ್ನು ತನ್ನ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಫೋನು ಮಗುಚಿಟ್ಟಳು. ಭಾವ ನಗುತ್ತಲೇ ಕೂತ. ದೊಡ್ಡಕ್ಕ ಸುತ್ತು ಹಾಕಲಿಲ್ಲ.

“ಭಾವ, ಮೇಲ್ವಿಚಾರಕರ ಕೆಲಸ ಈ ಸಲ ನಿಮಗೆ ಆಗಲಿಲ್ಲ. ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ನಾನೇ ಹೇಳ್ತಾ ಇದೀನಿ.”

ನಗು ಮುಖದಲ್ಲೇ ಸ್ವಲ್ಪ ಹೊತ್ತು ಉಳಿಯಿತು, ಎಲ್ಲಿಗೆ ಹೋಗಬೇಕೋ ತಿಳಿಯದ ಹಾಗೆ.

“ಯಾರಿಗೆ ಆಯ್ತು?” ಎಂದ ಕೊನೆಗೆ.

ಹೇಳಿದಳು.

“ನಾನು ಕೈ ಹಿಡಿದು ಕಲಿಸಿದ ಹುಡುಗಿ. ಅವಳಲ್ಲಿ ಇರೋದು ನನ್ನಲ್ಲಿ ಏನಿಲ್ಲ?”

“ಅವರ ವಿಷಯ ನಿಮ್ಮ ಹತ್ರ ಮಾತಾಡಲ್ಲ ಭಾವ. ನಿಮ್ಮ ವಿಷಯ ಅವರ ಹತ್ರಾನೂ ಮಾತಾಡಲ್ಲ. ನಿಮ್ಮದನ್ನ ಹೇಳ್ತೀನಿ. ಯಂತ್ರ ನಿಮಗೆ ಗೊತ್ತಿರೋಷ್ಟು ನನಗೂ ಗೊತ್ತಿಲ್ಲ, ಸಂದರ್ಶನದಲ್ಲೂ ಅದು ಕಂಡಿತು. ಆದರೆ ಯಾರಿಗೆ ಯಾವ ಕೆಲಸ ಕೊಡ್ತೀರಿ ಅಂತ ಎಷ್ಟು ಸಲ ಕೇಳಿದರೂ ‘ನಾನೇ ಮಾಡ್ತೀನಿ’ ಅಂದ್ರಿ. ಇಲ್ಲೂ ಹಾಗೇ. ಹೋದ ತಿಂಗಳು ರೋಲರಿನವನು ತಡವಾಗಿ ಬಂದಾಗೆಲ್ಲ ನೀವೇ ನಿಂತುಬಿಟ್ರಿ. ಅವನಿಗೆ ಒಂದು ಮಾತೂ ಹೇಳಲಿಲ್ಲ.”

“ಹಂಗಾದ್ರೆ ಮೈಮುರಿದು ಕೆಲಸ ಮಾಡಿದ್ದೇ ತಪ್ಪಾಯ್ತಾ?” ಭಾವನ ದನಿ ಏರಿತು. “ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ಮಾಡಿದ್ದು ತಪ್ಪಲ್ಲ. ಹೇಳದೇ ಇದ್ದದ್ದು ನನ್ನ ತಪ್ಪು. ನೀವು ಓಡಾಡ್ತಿದ್ರೆ ನನಗೂ ಆರಾಮಾಗಿತ್ತು.”

ಭಾವನ ದನಿ ಇಳಿಯಿತು. “ಮುಂದಿನ ಸಲ ಆಗುತ್ತಾ?”

“ಮಾತು ಕೊಡಲಾರೆ. ಆದರೆ ನಿಮಗೆ ನಿಜವಾಗಿ ಬೇಕಿದ್ರೆ ವಾರಕ್ಕೊಂದು ದಿನ ಕೆಲಸ ಹಂಚೋದು ನೀವು ಮಾಡಿ. ಹೊಸ ಮೇಲ್ವಿಚಾರಕರನ್ನೂ ಕೇಳಿ ವ್ಯವಸ್ಥೆ ಮಾಡ್ತೀನಿ. ಆವತ್ತು ಯಂತ್ರ ಮುಟ್ಟೋ ಹಾಗಿಲ್ಲ. ಸಂಜೆ ಕೂತು ಮಾತಾಡೋಣ. ಈಗಲೇ ಹೂಂ ಅನ್ನಬೇಕಾಗಿಲ್ಲ. ಬೇಕಿದ್ರೆ ಇವತ್ತು ಮನೆಗೆ ಹೋಗಿ.”

“ಮನೆಗೆ ಹೋಗಿ ಅವಳಿಗೆ ಏನು ಹೇಳ್ಲಿ?” ಎಂದು ಭಾವ ಎದ್ದು ನೇರ ಡ್ರೈಯರುಗಳ ಹತ್ತಿರ ಹೋದ.

ಆಮೇಲಿನ ದಿನಗಳು ದೊಡ್ಡಕ್ಕನಿಗೆ ನುಂಗಲಾರದ ತುತ್ತಾದವು. ಭಾವ ಕೆಲಸ ತಪ್ಪಿಸಲಿಲ್ಲ, ಆದರೆ ‘ಅಕ್ಕ’ ಅನ್ನುತ್ತಿದ್ದವನು ‘ಮೇಡಂ’ ಅನ್ನತೊಡಗಿದ. ಅವಳು ಹಿಂದೆ ಬಿದ್ದು ಸಮಾಧಾನ ಮಾಡಲಿಲ್ಲ. ‘ಸಾರ್’ ಎಂದು ಕಿಚಾಯಿಸಿದ ಒಬ್ಬನನ್ನು ಪಕ್ಕಕ್ಕೆ ಕರೆದು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು, ಅಷ್ಟೆ.

ಒಂದು ದಿನ ಭಾವ ತಾನಾಗಿ ಬಂದು ಬಾಗಿಲಲ್ಲೇ ನಿಂತ. “ಮನೆಯಲ್ಲಿ ಹೇಳಿದೆ. ನಿಮ್ಮ ಮೇಲೆ ಹರಿಹಾಯ್ತಾಳೆ ಅಂದ್ಕೊಂಡ್ರೆ, ‘ಸರಿಯಾಗೇ ಹೇಳಿದಾರೆ. ಇಲ್ಲೂ ನನಗೆ ತರಕಾರಿ ಹೆಚ್ಚೋಕೆ ಬಿಡಲ್ಲ, ನೀವೇ ಹೆಚ್ಚಿ, ಆಮೇಲೆ ಸುಸ್ತು ಅಂತೀರಿ’ ಅಂದುಬಿಟ್ಲು. ಕೆಲಸ ಹಂಚೋಕೆ ಯಾವ ದಿನ ಕೊಡ್ತೀರಿ?”

ಗುರುವಾರ ಎಂದು ನಿಗದಿಯಾಯಿತು. ಮೊದಲ ಗುರುವಾರವೇ ಡ್ರೈಯರಿನ ಜಾಲರಿಯಲ್ಲಿ ನೂಲಿನ ಧೂಳು ಕಟ್ಟಿ ಯಂತ್ರ ನಿಂತಿತು. ಭಾವ ಎರಡು ಹೆಜ್ಜೆ ಮುಂದಿಟ್ಟು, ಕೈ ಕಟ್ಟಿಕೊಂಡು, ಹಲ್ಲು ಕಚ್ಚಿ ನಿಂತ. “ಮೊದಲು ಸ್ವಿಚ್ ಆಫ್ ಮಾಡು... ತಣ್ಣಗಾಗಲಿ... ಈಗ ಜಾಲರಿ ಎಳಿ... ಅಯ್ಯೋ, ಆ ಕಡೆಯಿಂದ ಅಲ್ಲಪ್ಪ!” ಎನ್ನುತ್ತ ರೋಲರಿನವನಿಂದಲೇ ಮಾಡಿಸಿದ. ಸಂಜೆ ಬಂದು, “ಇದಕ್ಕಿಂತ ಮೂಟೆ ಹೊರೋದು ವಾಸಿ ಅಕ್ಕ,” ಎಂದು ಧೊಪ್ಪನೆ ಕೂತ. ದೊಡ್ಡಕ್ಕ ಬಿದ್ದು ಬಿದ್ದು ನಕ್ಕಳು. ನಕ್ಕ ಮೇಲೆ, ಬೆಳಿಗ್ಗೆ ರೋಲರಿನವನು ತಡವಾಗಿ ಬಂದಾಗ ಅವತ್ತೂ ಏನೂ ಹೇಳಲಿಲ್ಲವಲ್ಲ ಎಂದು ಕೇಳಿಯೇ ಕೇಳಿದಳು.

ಎಲ್ಲ ಗುರುವಾರವೂ ಚೆನ್ನಾಗಿ ನಡೆಯಿತೆಂದಲ್ಲ. ಒಮ್ಮೆ ಮಕ್ಕಳ ವಾರ್ಡಿಗೆ ಹೋಗಬೇಕಾದ ಬಟ್ಟೆ ಬೇರೆ ವಾರ್ಡಿಗೆ ಹೋಗಿ, ಭಾವ ಮುಖ್ಯ ನರ್ಸ್ ಕೈಯಲ್ಲಿ ಬೈಸಿಕೊಂಡ. ಆದರೂ ಹೊಸ ಮೇಲ್ವಿಚಾರಕಿ ಹೆರಿಗೆ ರಜೆಗೆ ಹೋಗುವಾಗ, “ನನ್ನ ಜಾಗ ಭಾವ ನೋಡ್ಕೊಳ್ಳಲಿ,” ಎಂದು ಬರೆದುಕೊಟ್ಟಳು. ಅಧಿಕಾರಿಗಳೂ ಒಪ್ಪಿದರು, ರಜೆ ಮುಗಿಯುವವರೆಗೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಿ. ಈಗ ಲಾಂಡ್ರಿಗೆ ಹೋದರೆ ಭಾವ ಬಾಗಿಲ ಬಳಿ ನಿಂತು ಹೆಸರು ಹಿಡಿದು ಕೆಲಸ ಹಂಚುವುದು ಕಾಣುತ್ತದೆ. ತಡವಾಗಿ ಬಂದವರನ್ನು ಪಕ್ಕಕ್ಕೆ ಕರೆದು ಕಾರಣ ಕೇಳುತ್ತಾನೆ. ಕೇಳುವಾಗ ಅವನಿಗೇ ನಾಚಿಕೆಯಾಗಿ ಕಿವಿ ಕೆಂಪಾಗುವುದು ಇನ್ನೂ ನಿಂತಿಲ್ಲ.