ಬೆಳ್ಳಗಾದ ಮುಖದ ಪೆನ್ಸಿಲ್ ಚಿತ್ರ

ಅಮೀರ್‌ಪೇಟೆಯಲ್ಲಿ ಆಗ ಗೋಡೆಗಳೇ ಕಾಣುತ್ತಿರಲಿಲ್ಲ. ಒಂದರ ಮೇಲೊಂದು ಕಂಪ್ಯೂಟರ್ ಕೋರ್ಸಿನ ಪೋಸ್ಟರು. ಮೆಸ್ಸಿನ ಮೆಟ್ಟಿಲಿಗೂ ಜಾವಾ ಅಂಟಿಸಿದ್ದರು. ಅನುಭವ ಕೂಡ ಅಲ್ಲೇ ದುಡ್ಡಿಗೆ ಸಿಗುತ್ತಿತ್ತು. ನಿನ್ನೆ ಕ್ಲಾಸಿಗೆ ಸೇರಿದವನ ಬಯೋಡೇಟಾ ತೆರೆದರೆ ವರ್ಷಗಟ್ಟಲೆ ಕಂಪನಿಯಲ್ಲಿ ಬೆವರು ಸುರಿಸಿದ್ದು ಇರುತ್ತಿತ್ತು. ಅಂಥ ಊರಲ್ಲಿ ನಾನೂ ಮಲ್ಟಿಮೀಡಿಯಾ ಕಲಿತು, ಅದೇ ಗಲ್ಲಿಯ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆ. ಹೊರಗೆ ಬೋರ್ಡು: ‘ನುರಿತ ಕಲಾವಿದರಿಂದ ಪೆನ್ಸಿಲ್ ಚಿತ್ರ’. ಆ ನುರಿತ ಕಲಾವಿದರು ಅಂದರೆ ನಾನೇ. ನನ್ನ ಕೈಗೆ ಒಂದು ಬದನೆಕಾಯಿ ನೆಟ್ಟಗೆ ಬಿಡಿಸಲು ಬರುವುದಿಲ್ಲ.

ಬರಬೇಕಾಗಿಯೂ ಇರಲಿಲ್ಲ. ಫೋಟೋ ಸ್ಕ್ಯಾನ್ ಮಾಡಿ, ಡಿಸ್ಯಾಚುರೇಟ್ ಒತ್ತಿದರೆ ಬಣ್ಣವೆಲ್ಲ ಹೋಗಿ ಬೂದಿಬಣ್ಣ ಉಳಿಯುತ್ತದೆ. ಆ ಚಿತ್ರದ ಮೇಲೆ ಅದರದೇ ಇನ್ನೊಂದು ಪ್ರತಿಯನ್ನು ಪದರದಂತೆ ಇಟ್ಟು ಇನ್‌ವರ್ಟ್ ಮಾಡಿದರೆ ಹಳೇ ರೀಲಿನ ನೆಗೆಟಿವ್‌ನಂತೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕೂರುತ್ತದೆ. ಆಮೇಲೆ ಮೇಲಿನ ಪದರವನ್ನು ಕಲರ್ ಡಾಡ್ಜ್ ಎಂಬ, ಕೆಳಗಿನದನ್ನು ಬೆಳಗಿಸುವ ಆಯ್ಕೆಗೆ ಹಾಕಬೇಕು. ಹಾಕಿದೊಡನೆ ತೆರೆಯೆಲ್ಲ ಬೆಳ್ಳಗೆ! ಮೊದಲ ಸಲ ನಾನು ಎಲ್ಲಾ ಹಾಳಾಯಿತೆಂದು ಎದೆ ಹಿಡಿದುಕೊಂಡಿದ್ದೆ. ಗಾಬರಿ ಬೇಡ. ಆ ಮೇಲಿನ ಪದರವನ್ನು ತುಸು ಬ್ಲರ್ ಮಾಡಿ ಮಸುಕಾಗಿಸಿದರೆ, ಬಿಳುಪಿನೊಳಗಿಂದ ಗೆರೆಗಳು ಮೆಲ್ಲಗೆ ಎದ್ದು ಬರುತ್ತವೆ. ಅಕ್ಕಪಕ್ಕ ಒಂದೇ ಸಮ ಇದ್ದ ಜಾಗ ಬಿಳಿಯಾಗಿಯೇ ಉಳಿಯುತ್ತದೆ, ಸುತ್ತಲಿಗಿಂತ ಕಪ್ಪಗಿರುವಲ್ಲಿ ಗೆರೆ ಮೂಡುತ್ತದೆ. ರೆಪ್ಪೆ, ಹುಬ್ಬು, ಮಚ್ಚೆ, ಸುಕ್ಕು ಎಲ್ಲ ಬರುತ್ತವೆ. ಗಿರಾಕಿಗೆ ಮಾತ್ರ ನಾಲ್ಕು ದಿನ ಬಿಟ್ಟು ಬನ್ನಿ ಅನ್ನುತ್ತಿದ್ದೆವು. ಚಹಾ ಆರುವುದರೊಳಗೆ ಕೊಟ್ಟರೆ ಕಲೆಗೆ ಮರ್ಯಾದೆ ಎಲ್ಲಿ?

ಸ್ಟುಡಿಯೋದ ಇನ್ನೊಂದು ದಂಧೆ, ಮದುವೆ ಸಂಬಂಧಕ್ಕೆ ಕಳಿಸುವ ಫೋಟೋ. ಹೆಣ್ಣಿನ ಫೋಟೋ ಯಾರದೇ ಬರಲಿ, ಮಾಲೀಕ ನನ್ನ ಬೆನ್ನ ಹಿಂದೆ ನಿಂತು, "ಔರ್ ಗೋರಾ ಕರೋ ಅಮ್ಮಾ, ಇನ್ನೂ ಬೆಳ್ಳಗೆ" ಎನ್ನುತ್ತಿದ್ದ. ಮಚ್ಚೆ ಅಳಿಸಿ, ಚರ್ಮವನ್ನು ಮೈದಾಹಿಟ್ಟಿನಂತೆ ನುಣ್ಣಗೆ ಮಾಡಿ, ಹಿಂದೆ ಬಿಳಿ ಪರದೆ ಹಾಕಿ ಕೊಡುವುದು. ನನ್ನ ಪಾಳಿ ಬಂದಾಗ ಮಾಲೀಕ ತಾನೇ ಮೌಸ್ ಹಿಡಿದ. ಉಚಿತ ಸೇವೆ, ಅದೂ ಮನಸಾರೆ. ಎಡಗೆನ್ನೆಯ ಮೇಲಿನ ನನ್ನ ಸುಟ್ಟ ಕಲೆ ಹೇಳಹೆಸರಿಲ್ಲದಂತೆ ಹೋಯಿತು.

ಆ ಕಲೆ ನಾನು ಸಣ್ಣವಳಿದ್ದಾಗಿನದು. ಅವ್ವ ಮಿರ್ಚಿ ಕರಿಯುವಾಗ ಕೈಯಿಂದ ಜಾಲರಿ ಸೌಟು ಜಾರಿ ಎಣ್ಣೆ ಸಿಡಿದಿತ್ತು. ನನಗೆ ಅದು ಕನ್ನಡಿಯಲ್ಲಿ ಕಂಡರೂ ಲೆಕ್ಕಕ್ಕಿರಲಿಲ್ಲ, ಅವ್ವನಿಗೆ ಹಾಗಲ್ಲ. ಕಲಬುರ್ಗಿಯಿಂದ ಬಂದು ಕಾಚಿಗೂಡದಲ್ಲಿ ಮನೆ ಮಾಡಿದ ಮೇಲೂ ನೆಂಟರು ಬಂದರೆ ನನ್ನನ್ನು ಬಲಗೆನ್ನೆ ಕಾಣುವಂತೆ ಕೂರಿಸುತ್ತಿದ್ದಳು. ಬೆಳ್ಳಗಾದ ಫೋಟೋ ನೋಡಿ ಅವಳ ಕಣ್ಣಲ್ಲಿ ನೀರು ಬಂತು. "ನೋಡವಾ, ದೇವ್ರು ಕೊಟ್ಟಾಗ ಹಿಂಗs ಇದ್ದಿ ನೀ" ಎಂದಳು. ಸುಳ್ಳು. ದೇವರು ಕೊಟ್ಟಾಗಲೂ ನಾನು ಗೋಧಿಬಣ್ಣದವಳೇ.

ಫೋಟೋ ಒಂದು ಮನೆಗೆ ಹೋಯಿತು. ಹುಡುಗ ಸಾಫ್ಟ್‌ವೇರಿನ ತಪ್ಪು ಹಿಡಿಯುವ ಟೆಸ್ಟಿಂಗ್ ಕಲಿಸುವ ಮೇಷ್ಟ್ರು, ನಮ್ಮ ಗಲ್ಲಿಯಲ್ಲೇ. ಮಧ್ಯಸ್ಥಿಕೆಯ ಕಾಕಾ ಸಂಬಂಧದ ಜೊತೆಗೆ ಬಣ್ಣವನ್ನೂ ಕಟ್ಟಿದ್ದ: ಹುಡುಗಿ ಪೆನ್ಸಿಲ್‌ನಲ್ಲಿ ಚಿತ್ರ ತೆಗೆಯುತ್ತಾಳೆ, ಸ್ಟುಡಿಯೋದ ಬೋರ್ಡೇ ಸಾಕ್ಷಿ. ಹುಡುಗನ ತಾಯಿ, ಹಾಗಾದರೆ ನೋಡಲು ಬಂದಾಗ ಹುಡುಗಿ ತನ್ನದೇ ಒಂದು ಚಿತ್ರ ತೆಗೆದು ತೋರಿಸಲಿ ಎಂದರಂತೆ.

"ಕಂಪ್ಯೂಟರ್‌ನಾಗ ಮಾಡಿ ದಪ್ಪ ಹಾಳಿ ಮ್ಯಾಲ ತಗದ್ ತಾ. ಯಾರಿಗ್ ಗೊತ್ತಾಗ್ತೈತಿ?" ಎಂದಳು ಅವ್ವ.

ಮರುದಿನ ಆ ಬೆಳ್ಳನೆಯ ಫೋಟೋವನ್ನೇ ತೆಗೆದುಕೊಂಡು ಡಿಸ್ಯಾಚುರೇಟ್, ಪ್ರತಿ, ಇನ್‌ವರ್ಟ್, ಕಲರ್ ಡಾಡ್ಜ್ ಎಲ್ಲ ಮಾಡಿ ಬ್ಲರ್ ಎಳೆದೆ. ಜಡೆ ಬಂತು, ಸೀರೆಯ ಅಂಚು ಬಂತು, ಮೂಗುತಿ ಬಂತು, ಎರಡು ಕಣ್ಣು ಬಂದವು. ಮುಖ ಬರಲಿಲ್ಲ! ಗಲ್ಲ ಎಲ್ಲಿ ಮುಗಿದು ಪರದೆ ಎಲ್ಲಿ ಶುರುವಾಯಿತೋ ದೇವರಿಗೇ ಗೊತ್ತು. ಬ್ಲರ್ ಇನ್ನಷ್ಟು ಹೆಚ್ಚಿಸಿದೆ. ಜಡೆ ಕಪ್ಪಾಯಿತೇ ಹೊರತು ಕೆನ್ನೆ ಬಿಳಿ ಹಾಳೆಯಾಗಿಯೇ ಉಳಿಯಿತು. ಬೆಳ್ಳಗೆ ಮಾಡಿ ಮಾಡಿ ಅಲ್ಲಿ ಗೆರೆ ಹುಟ್ಟಲು ಏನನ್ನೂ ಬಿಟ್ಟಿರಲಿಲ್ಲ. ನನಗೆ ನಗು ಬಂತು, ಹಿಂದೆಯೇ ಸಿಟ್ಟು ಬಂತು. ತಿದ್ದದ ಮೂಲ ಫೋಟೋ ಹುಡುಕಿ ತೆಗೆದೆ. ಅದೇ ಕೆಲಸ ಮಾಡಿದರೆ ನಾನು ಬಂದೆ. ಕಣ್ಣ ಕೆಳಗಿನ ಸುಸ್ತು, ತುಟಿಯ ಪಕ್ಕದ ಮಡಿಕೆ, ಎಡಗೆನ್ನೆಯ ಕಲೆ, ಎಲ್ಲವೂ ಬಂದವು. ಎಷ್ಟು ಚೆಂದ ಕಂಡೆ ಅಂದರೆ, ಮಾಲೀಕ ನೋಡುವ ಮೊದಲೇ ಪ್ರಿಂಟ್ ತೆಗೆದುಬಿಟ್ಟೆ.

ಅವ್ವ ಹಾಳೆ ನೋಡಿ ಕಲೆಯನ್ನು ಅಂಗೈಯಿಂದ ಮುಚ್ಚಿದಳು. "ಅದೊಂದ್ ಯಾಕ್ ತಂದಿ? ಅಳಿಸಿಬಿಡ ನನ್ನವ್ವ."

"ಅಳಿಸಿದ್ರ ಮಾರಿನ ಬರಂಗಿಲ್ಲವ್ವ" ಎಂದೆ. ಕಲೆ ಹೋದರೆ ಮುಖವೇ ಹೋಗುತ್ತದೆ ಎಂಬುದನ್ನು ಅವಳು ನಂಬಲಿಲ್ಲ.

ಅವರು ಬಂದರು. ಉಪ್ಪಿಟ್ಟು ಆಯಿತು, ಚಹಾ ಆಯಿತು. ಹುಡುಗನ ತಾಯಿ ಒಂದು ಕೈಯಲ್ಲಿ ಫೋಟೋ, ಇನ್ನೊಂದರಲ್ಲಿ ಚಿತ್ರ ಹಿಡಿದರು. "ಕೈಲೇ ತಗದೀಯೇನವಾ?"

"ಇಲ್ರಿ. ಕಂಪ್ಯೂಟರ್‌ನಾಗ ಮಾಡೀನ್ರಿ."

ಅವ್ವ ಕೆಮ್ಮಿದಳು. ಆದರೆ ಅವರ ಮುಖ ಅರಳಿತು. "ಕಂಪ್ಯೂಟರಾ! ಹಂಗಾದ್ರ ಭಾಳ ಛಲೋ ಆತು." ಆ ಕಾಲದಲ್ಲಿ ಕೈಯಲ್ಲಿ ಮಾಡಿದ್ದಕ್ಕಿಂತ ಕಂಪ್ಯೂಟರಿನಲ್ಲಿ ಮಾಡಿದ್ದಕ್ಕೇ ಮಾನ. ಆಮೇಲೆ ಅವರ ಬೆರಳು ಚಿತ್ರದ ಎಡಗೆನ್ನೆಯ ಮೇಲೆ ನಿಂತಿತು. ಅಲ್ಲಿಂದ ಕಣ್ಣು ನನ್ನ ಕೆನ್ನೆಗೆ ಬಂತು, ಆಮೇಲೆ ಫೋಟೋಕ್ಕೆ ಹೋಯಿತು. ಹುಡುಗ ಮೇಷ್ಟ್ರು ತಲೆ ಎತ್ತಲೇ ಇಲ್ಲ. ಅವನ ಕೆಲಸವೇ ತಪ್ಪು ಹುಡುಕುವುದು, ಅವತ್ತು ಅದನ್ನೂ ತಾಯಿಗೇ ಬಿಟ್ಟಿದ್ದ.

ವಾರದೊಳಗೆ ಕಾಕಾ ಬಂದ. "ಚಿತ್ರ ಭಾಳ ಛಲೋ ಐತಂತ. ಹುಡುಗಿನೂ ಚಿತ್ರದಂಗs ಅದಾಳಂತ. ಆದ್ರ ಅವ್ರಿಗೆ ಫೋಟೋದಾಗಿನ ಹುಡುಗಿ ಬೇಕಾಗಿತ್ತಂತ."

ನನಗೆ ಆ ಹುಡುಗನ ಮೇಲೇನೂ ಮನಸ್ಸಿರಲಿಲ್ಲ. ಆದರೂ ಬಚ್ಚಲಿಗೆ ಹೋಗಿ ಅತ್ತೆ. ಹೊರಗೆ ಅವ್ವ, "ಎಲ್ಲಾ ನನ್ನ ಕೈಯಿಂದs ಆತು" ಎನ್ನುತ್ತಿದ್ದಳು. ಅದನ್ನು ಕೇಳಿ ಇನ್ನಷ್ಟು ಅತ್ತೆ.

ಮುಖ ತೊಳೆದು ಬಂದರೂ ಕಾಕಾ ಎದ್ದಿರಲಿಲ್ಲ. ಕಿಸೆಯಿಂದ ಒಂದು ಲಕೋಟೆ ತೆಗೆದ. "ಇನ್ನೊಂದ್ ಮಾತೈತಿ. ತಪ್ಪ್ ತಿಳ್ಕೋಬ್ಯಾಡವಾ. ಅವ್ರ ಹುಡುಗಂದೂ ಇಂಥಾದೊಂದು ಮಾಡಿ ಕೊಡ್ತೀಯೇನು? ಬ್ಯಾರೆ ಕಡಿ ತೋರ್ಸಾಕ ಬೇಕಂತ."

ಅವ್ವ ಬಾಗಿಲು ತೋರಿಸುವವಳಿದ್ದಳು. ನಾನು ಲಕೋಟೆ ಇಸಿದುಕೊಂಡೆ.

ಸ್ಟುಡಿಯೋದಲ್ಲಿ ತೆರೆದು ನೋಡಿದೆ. ಅದೂ ಯಾವುದೋ ಸ್ಟುಡಿಯೋದ ಕೃಪೆ. ಎದುರಿಗೆ ಕಂಡಾಗ ನನಗಿಂತ ಒಂದು ಬಣ್ಣ ಹೆಚ್ಚೇ ಕಪ್ಪಗಿದ್ದವನು ಬಿಳಿ ಪರದೆಯ ಮುಂದೆ ಹಾಲಿನಲ್ಲಿ ಅದ್ದಿದಂತೆ ನಿಂತಿದ್ದ. ನಾನು ಏನೂ ಕೂಡಿಸಲಿಲ್ಲ, ಏನೂ ಕಳೆಯಲಿಲ್ಲ. ಎಲ್ಲರಿಗೂ ಮಾಡುವಂತೆಯೇ ಮಾಡಿದೆ. ಬಿಳಿ ಹಾಳೆಯ ನಡುವೆ ಒಂದು ಕನ್ನಡಕ, ಒಂದು ಮೀಸೆ, ಕೆಳಗೊಂದು ಟೈ ಬಂದವು.

ಕಾಕಾ ಒಯ್ಯಲು ಮನೆಗೆ ಬಂದಾಗ, ಅವನ ಕೈಗೆ ಕೊಡುವ ಮೊದಲು ಅದನ್ನು ಅವ್ವನಿಗೆ ತೋರಿಸಿದೆ. ಅವಳು ಹಾಳೆಯನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು, ತಿರುಗಿಸಿಯೂ ನೋಡಿದಳು.

"ಮಾರಿ ಎಲ್ಲಿ ಐತಿ?"

"ಫೋಟೋದಾಗ ಇದ್ದಷ್ಟು ಬಂದೈತವ್ವ."

ಅವ್ವ ಸೆರಗು ಬಾಯಿಗಿಟ್ಟು ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಒಳಗೆ ಹೋಗಿ, ಟ್ರಂಕಿನಲ್ಲಿ ಮುಚ್ಚಿಟ್ಟಿದ್ದ ನನ್ನ ಚಿತ್ರ ತಂದಳು. ಎಣ್ಣೆ ಸಿಡಿದಿದ್ದ ಕೆನ್ನೆಯ ಮೇಲೆ ಬೆರಳಿಟ್ಟು, ಅಲ್ಲಿಂದ ಮೂಗು, ಗಲ್ಲ ಎಲ್ಲವನ್ನೂ ಸವರಿದಳು.

"ಮುಂದಿನ ಸಲ ಯಾರರ ಕೇಳಿದ್ರ," ಎಂದಳು ಕಾಕಾನ ಕಡೆ ತಿರುಗಿ, "ಮೊದಲ ಇದನ್ನs ತೋರ್ಸ್ರಿ."