ಯಶಸ್ವಿ ಪಾಠ

ಶನಿವಾರ ಸಂಜೆಯೊಳಗೆ ಮುಂದಿನ ವಾರದ ಪಾಠ ಯೋಜನೆಯ ಎಲ್ಲ ಅಂಕಣಗಳೂ ತುಂಬಿರಬೇಕು, ಕೊನೆಯ ‘ಶಿಕ್ಷಕರ ಸ್ವಾವಲೋಕನ’ವೂ ಸೇರಿ. ಇದು ಮುಖ್ಯೋಪಾಧ್ಯಾಯರ ಕಟ್ಟಪ್ಪಣೆ. ಇನ್ನೂ ಮಾಡದ ಪಾಠ ಹೇಗಾಯಿತೆಂದು ಮೊದಲೇ ಬರೆಯುವ ಪವಾಡ ಆ ಶಾಲೆಯಲ್ಲಿ ವಾರವಾರವೂ ನಡೆಯುತ್ತಿತ್ತು. ಆ ಅಂಕಣವನ್ನು ಖಾಲಿ ಬಿಡುತ್ತಿದ್ದವರು ಗಣಿತದ ಟೀಚರ್ ಒಬ್ಬರೇ. ಮಕ್ಕಳು ಅವರಿಗೆ ಮೆಣಸಿನಕಾಯಿ ಟೀಚರ್ ಎನ್ನುತ್ತಿದ್ದರು, ಸುಮ್ಮನೆ ಅಲ್ಲ.

ಹಿಂದೆ ಅವರೂ ‘ಮಕ್ಕಳು ಆಸಕ್ತಿಯಿಂದ ಕಲಿತರು’ ಎಂದು ಗೀಚಿದವರೇ. ಒಮ್ಮೆ ನಾಲ್ಕು ವರ್ಷದ ಪಾಠ ಯೋಜನೆ ಪುಸ್ತಕಗಳನ್ನು ಸಾಲಾಗಿ ತೆರೆದಿಟ್ಟರು. ನಾಲ್ಕರಲ್ಲೂ ಅದೇ ಸಾಲು, ನಾಲ್ಕು ವರ್ಷವೂ ಅದೇ ಲೆಕ್ಕದಲ್ಲಿ ಅರ್ಧ ತರಗತಿ ನಪಾಸು. ಅಂದು ತಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆಮೇಲೆ ಪಾಠ ಮುಗಿದೊಡನೆ, ಬೋರ್ಡ್ ಒರೆಸುವ ಮೊದಲೇ ನಿಂತಲ್ಲೇ ಬರೆಯುವುದು ರೂಢಿಯಾಯಿತು.

ಮಂಗಳವಾರ ಎ ವಿಭಾಗಕ್ಕೆ ಭಿನ್ನರಾಶಿಯ ಕೂಡುವಿಕೆ. ಟೀಚರ್ ಬರೆದರು: ‘34ರಲ್ಲಿ 15 ಮಕ್ಕಳು 1/2 + 1/3 = 2/5 ಎಂದರು. ಕಾರಣ: ನಾನು ಒಂದೇ ಛೇದದ ಲೆಕ್ಕಗಳಿಂದ ಶುರು ಮಾಡಿದೆ, ಮೇಲಿನದನ್ನೂ ಕೆಳಗಿನದನ್ನೂ ಬರೀ ಕೂಡಿದರೆ ಸಾಕೆಂದು ಮಕ್ಕಳು ಅಂದುಕೊಂಡರು. ಬದಲಾವಣೆ: ಮೊದಲು ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಮಡಿಸಿ 1/2, 2/5 ಹೋಲಿಸಲಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ ಎಂದು ಕೇಳಬೇಕು. ನಿಯಮ ಆಮೇಲೆ.’

ಮರುದಿನ ಅವರಿಗೆ ತರಬೇತಿ. ಬಿ ವಿಭಾಗಕ್ಕೆ ಇದೇ ಪಾಠವನ್ನು ಹೊಸದಾಗಿ ಸೇರಿದ ಟೀಚರ್ ಮಾಡಬೇಕಿತ್ತು. ಪುಸ್ತಕ ನೋಡಿಕೊಂಡು ಮಾಡಮ್ಮ ಎಂದು ಹೇಳಿ, ಅದನ್ನು ಕಚೇರಿಯಲ್ಲಿಟ್ಟು ಹೋದರು.

ಗುರುವಾರ ಬಂದಾಗ ಹೊಸ ಟೀಚರ್ ಮುಖ ಸಪ್ಪೆಯಾಗಿತ್ತು. ಬಿ ವಿಭಾಗದ ಮೂವತ್ತಾರರಲ್ಲಿ ಹದಿನೇಳು ಮಕ್ಕಳ ಉತ್ತರ 2/5.

“ಅಕ್ಕಾ, ಪುಸ್ತಕದಲ್ಲಿ ಪಾಠ ಯಶಸ್ವಿ ಅಂತಿತ್ತು. ಅದಕ್ಕೇ ಏನೂ ಬದಲಾಯಿಸ್ದೆ ಹಾಗೇ ಮಾಡ್ದೆ.”

ಟೀಚರ್ ಪುಸ್ತಕ ಕಿತ್ತುಕೊಂಡು ನೋಡಿದರು. ಅವರ ಸಾಲುಗಳ ಮೇಲೆ ದಪ್ಪಗೆ ಬಿಳಿ ಬಣ್ಣ ಬಳಿದಿತ್ತು. ಅದರ ಮೇಲೆ ಮುಖ್ಯೋಪಾಧ್ಯಾಯರ ದುಂಡು ಅಕ್ಷರ: ‘ಪಾಠ ಯಶಸ್ವಿಯಾಗಿದೆ.’ ಮೈಯೆಲ್ಲ ಉರಿದುಹೋಯಿತು. ಹದಿನೇಳು ಮಕ್ಕಳ ಒಂದು ದಿನವನ್ನು ಈ ಮನುಷ್ಯ ಮಣ್ಣುಪಾಲು ಮಾಡಿದ್ದ.

ಕೇಳಲು ಹೋದರೆ ಮುಖ್ಯೋಪಾಧ್ಯಾಯರು ಶಾಂತವಾಗಿಯೇ ಇದ್ದರು. ತಪಾಸಣೆಗೆ ಬರುವವರ ಕಣ್ಣಿಗೆ ಶಾಲೆಯ ಹುಳುಕು ಬೀಳಬಾರದಂತೆ. ಟೀಚರ್ ಮರ್ಯಾದೆ ಉಳಿಸಲೆಂದೇ ಅಳಿಸಿದ್ದಂತೆ.

ಟೀಚರ್ ಜಗಳಕ್ಕಿಳಿಯಲಿಲ್ಲ. ಅಲ್ಲೇ ಕುರ್ಚಿ ಎಳೆದು ಕೂತು, ಬಿ ವಿಭಾಗದ ಸ್ವಾವಲೋಕನವನ್ನು ಪೆನ್ನು ಒತ್ತಿ ಬರೆದರು: ‘36ರಲ್ಲಿ 17 ಮಕ್ಕಳದು ಅದೇ ತಪ್ಪು. ಕಾರಣ: ಮಂಗಳವಾರದ ಟಿಪ್ಪಣಿಯನ್ನು ಮುಖ್ಯೋಪಾಧ್ಯಾಯರು ಅಳಿಸಿದ್ದರಿಂದ ಬದಲಾವಣೆ ತರಗತಿಗೆ ಮುಟ್ಟಲಿಲ್ಲ. ಬದಲಾವಣೆ: ನಾಳೆ ಕಾಗದದ ಪಟ್ಟಿಯಿಂದ ಮತ್ತೆ ಪಾಠ. ಪುಸ್ತಕವನ್ನು ಇನ್ನು ಕಚೇರಿಯಲ್ಲಿ ಬಿಡಬಾರದು.’

ಪುಸ್ತಕವನ್ನು ಅವರ ಮುಂದೆ ತಳ್ಳಿದರು.

“ಓದಿ ಸಹಿ ಮಾಡಿ ಸರ್. ತಪ್ಪು ಕಂಡ್ರೆ ಹೇಳಿ, ತಿದ್ದೋಣ.”