ಹತ್ತು ವರ್ಷದ ಸಾಲು

ಹೇಳುವುದರಲ್ಲಿ ತಪ್ಪಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಜತ್ತದ ನೂಲಿನ ಗಿರಣಿಯಲ್ಲಿ ಕಾರಕೂನನಾಗಿದ್ದಾಗ, ನಿಯಮಪುಸ್ತಕ ನೋಡಿ ಸೌಲಭ್ಯಗಳ ಕೋಷ್ಟಕ ಮಾಡಿದೆ: ಮೇಲೆ ದರ್ಜೆ, ಎಡಕ್ಕೆ ಸೇವಾವಧಿ, ಎರಡೂ ಕೂಡುವ ಚೌಕದಲ್ಲಿ ಸೌಲಭ್ಯ. ನಾಲ್ಕನೆಯ ದರ್ಜೆಯವರ ಕುಟುಂಬಕ್ಕೆ ಚಿಕಿತ್ಸೆಯ ಖರ್ಚು ಸಿಗಲು ಹತ್ತು ವರ್ಷ ತುಂಬಿರಬೇಕಿತ್ತು. ಅದೇ ಗಿರಣಿಯ ಕಾವಲುಗಾರನಾದ ಅಪ್ಪನಿಗೆ ಹತ್ತನೆಯ ವರ್ಷ ನಡೆದಿತ್ತು. ಅವ್ವನ ಕಣ್ಣಿನ ಆಪರೇಷನ್ ಇದನ್ನೇ ಕಾಯುತ್ತಿತ್ತು.

“ಹತ್ತು ನಡದೈತಲ್ಲೋ, ಸಾಹೇಬಾ?” ಎಂದು ಅಪ್ಪ ನಕ್ಕ.

“ತುಂಬಬೇಕಂತ ಐತಿ, ಅಪ್ಪಾ. ಇನ್ನೂ ನಾಕ ತಿಂಗಳ.”

“ಹಂಗಾರ ಹಂಗ ಬರಿ.”

ದಿನಾ ಮಧ್ಯಾಹ್ನ ಬುತ್ತಿ ಬಿಚ್ಚಲು ಗಿರಣಿಯ ನನ್ನ ಕೋಣೆಗೆ ಬರುತ್ತಿದ್ದ ಅಪ್ಪ ಮರುದಿನದಿಂದ ಬರಲಿಲ್ಲ. ಗೋಡೆಗೆ ಅಂಟಿಸಿದ ಕೋಷ್ಟಕದ ಎದುರು ನಾನೊಬ್ಬನೇ ಉಂಡೆ.

ನಾಲ್ಕು ತಿಂಗಳ ನಂತರ ಗಿರಣಿಯ ಖರ್ಚಿನಲ್ಲಿ ಆಪರೇಷನ್ ಆಗಿ ಅವ್ವನಿಗೆ ಕಣ್ಣು ಕಾಣತೊಡಗಿತು. ಅಪ್ಪ ಮತ್ತು ನಾನು ಮಾತ್ರ ಗಿರಣಿಯಲ್ಲಿ ಮತ್ತೆಂದೂ ಕೂಡಿ ಉಣ್ಣಲಿಲ್ಲ.